ಯುಗಾದಿ ವಿಡಿಯೊಗೆ ಹಿಂದಿನ ದಿನವೇ ವೀಕ್ಷಣೆ ಬಂದಿದ್ದು ಹೇಗೆ?

ಹುಬ್ಬಳ್ಳಿಯಲ್ಲಿ 2025ರ ಮಾರ್ಚ್ 30ರ ಯುಗಾದಿ ಬೆಳಿಗ್ಗೆ 7ಕ್ಕೆ ಒಂದು ವಿಡಿಯೊ ಹಾಕಿದರು ಅಂದುಕೊಳ್ಳಿ. ಯೂಟ್ಯೂಬ್ ಅಂಕಿಅಂಶದ ಶೀಟ್‌ನಲ್ಲಿ ಮೊದಲ ವೀಕ್ಷಣೆಗಳು ಮಾರ್ಚ್ 29ರ ಲೆಕ್ಕದಲ್ಲಿರುತ್ತವೆ. ಹಾಗಾದರೆ ಅವು ನಕಲಿಯೇ? ಅಲ್ಲ.

ಯೂಟ್ಯೂಬ್ ದಿನದ ಲೆಕ್ಕ ಹಾಕುವುದು ಅಮೆರಿಕದ ಪೆಸಿಫಿಕ್ ಸಮಯದಲ್ಲಿ. ನಮ್ಮ ಬೆಳಿಗ್ಗೆ 7 ಎಂದರೆ ಅಲ್ಲಿ ಆಗ ಹಿಂದಿನ ಸಂಜೆ 6.30. ಅಲ್ಲಿನ ಹೊಸ ದಿನ ಶುರುವಾಗುವುದು ನಮ್ಮ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ. ದಿನದ ಮೊತ್ತವನ್ನು ಗಂಟೆಗಳಾಗಿ ಒಡೆಯಲಾಗದು. ಹಾಗಾಗಿ ತಾರೀಖು ತಿದ್ದಬೇಡಿ, ಕಾಲಂ ಮೇಲೆ ‘ಪೆಸಿಫಿಕ್ ದಿನ’ ಎಂದು ಬರೆಯಿರಿ.

ಇನ್ನೊಂದು ಗೊಂದಲ ತಾರೀಖು ಬರೆಯುವ ಕ್ರಮದ್ದು. ಅಮೆರಿಕದಲ್ಲಿರುವ ಗೆಳೆಯರು ಏಪ್ರಿಲ್ 3ನ್ನು 04/03/2025 ಎಂದು ಬರೆದು ಕಳಿಸಿದರೆ, ಧಾರವಾಡದ ಕಂಪ್ಯೂಟರ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. 04/13/2025 ಬಂದರೆ 13ನೇ ತಿಂಗಳಿಲ್ಲವಲ್ಲ, ಎಕ್ಸೆಲ್ ಅದನ್ನು ಬರೀ ಪಠ್ಯವಾಗಿ ಎಡಕ್ಕೆ ಸರಿಸುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಕಂಡರೆ ಬಲಗಡೆಯವೂ ತಪ್ಪಿರಬಹುದು. ಮೂಲ ಸಿಎಸ್‌ವಿ ಕಡತವನ್ನೇ ಮತ್ತೆ ತೆರೆಯಿರಿ. ಆಮದು ಮಾಡುವಾಗ ತಾರೀಖಿನ ಕ್ರಮವನ್ನು `MDY` ಎಂದು ಆರಿಸಿ, ಹಂಚುವಾಗ `YYYY-MM-DD` ರೂಪದಲ್ಲಿಡಿ.

‘ನಕಲಿ ವೀಕ್ಷಣೆ’ ಎಂಬ ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡುವ ಮುನ್ನ ಅದು ಯಾವ ಊರಿನ ದಿನ ಎಂದು ಕೇಳಿ.