ವೇತನ ಹೆಚ್ಚಳದ ಬೇಡಿಕೆ: ಪುರಾವೆ ಮಾಲೀಕರ ಪುಸ್ತಕದಲ್ಲಿಯೇ ಇರಲಿ

ವರ್ಷದ ಲೆಕ್ಕಪತ್ರಗಳು ಮುಗಿದು ತಾತ್ಕಾಲಿಕ ಲಾಭ-ನಷ್ಟ ತಃಖ್ತೆ ಸಿದ್ಧವಾಗುವ ಹೊತ್ತಿಗೆ ನಮ್ಮ ಮಂಡಿಗಳಲ್ಲಿ, ಗಿರಣಿಗಳಲ್ಲಿ ಸಂಬಳದ ಮಾತು ಬರುವುದು ವಾಡಿಕೆ. ದೊಡ್ಡ ಕಂಪನಿಗಳಲ್ಲಿರುವಂತೆ ಇದಕ್ಕೆ ನಮೂನೆಯಿಲ್ಲ, ಅಂಕಪಟ್ಟಿಯಿಲ್ಲ. ಗುಮಾಸ್ತರು ಬಂದು, ಇಷ್ಟು ವರ್ಷದಿಂದ ನಿಯತ್ತಾಗಿ ದುಡಿದಿದ್ದೇನೆ, ಮನೆ ಖರ್ಚು ಹೆಚ್ಚಿದೆ ಎನ್ನುತ್ತಾರೆ. ಮಾಲೀಕರು, ಈ ಸಲ ವ್ಯಾಪಾರ ಅಷ್ಟಕ್ಕಷ್ಟೆ, ನೋಡೋಣ ಎನ್ನುತ್ತಾರೆ. ಎರಡೂ ಮಾತು ನಿಜವಿರಬಹುದು. ಆದರೆ ಎರಡರಲ್ಲಿ ಯಾವುದನ್ನೂ ಪರೀಕ್ಷಿಸಲು ಬರುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ. ಕೆಲಸ ಬಲ್ಲವರು ಆರು ತಿಂಗಳಲ್ಲಿ ದಾವಣಗೆರೆಗೋ ಬೆಂಗಳೂರಿಗೋ ಹೊರಟು ಹೋಗುತ್ತಾರೆ.

ಬೇಡಿಕೆಗೆ ಆಧಾರವಾಗುವ ಅಂಕಿ ಮಾಲೀಕರ ಪುಸ್ತಕದಲ್ಲಿಯೇ ಇರಬೇಕು ಮತ್ತು ಅದರಲ್ಲಿ ಮಾರುಕಟ್ಟೆಯ ಪಾಲು ಸೇರಿರಬಾರದು ಎಂಬುದು ನನ್ನ ಅಭಿಪ್ರಾಯ. ಈ ಎರಡನೆಯ ಷರತ್ತಿನಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. ಚನ್ನಗಿರಿಯಲ್ಲಿ ರಾಶಿ ಅಡಿಕೆಯ ಧಾರಣೆ ಏರಿದರೆ ಒಂದು ಚೀಲವೂ ಹೆಚ್ಚು ಮಾರದೆ ವಹಿವಾಟು ಏರುತ್ತದೆ. ಜಗಳೂರಿನಲ್ಲಿ ಮಳೆ ಕೈಕೊಟ್ಟರೆ ಎಷ್ಟೇ ಶ್ರಮಿಸಿದರೂ ಮೆಕ್ಕೆಜೋಳದ ಆವಕ ಕುಸಿಯುತ್ತದೆ. ಹೊನ್ನಾಳಿ, ನ್ಯಾಮತಿಗಳ ಅಕ್ಕಿ ಗಿರಣಿಯಲ್ಲಿ ನೂರು ಕಿಲೋ ಭತ್ತಕ್ಕೆ ಬಂದ ಅಕ್ಕಿ ಹೆಚ್ಚಾಯಿತೆಂದು ಮೇಲ್ವಿಚಾರಕರು ಹೇಳಿದರೆ, ಎರಡೂ ವರ್ಷ ಭತ್ತದ ತಳಿ ಮತ್ತು ತೇವಾಂಶ ಒಂದೇ ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಬೇಡಿಕೆಯನ್ನು ರೂಪಾಯಿಯ ವಹಿವಾಟಿನಲ್ಲಿ ಹೇಳದೆ ಕ್ವಿಂಟಲ್, ಬಿಲ್ಲು ಹಾಗೂ ದಿನಗಳಲ್ಲಿ ಹೇಳುವುದು ಲೇಸು.

ಒಂದು ಕಲ್ಪಿತ ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಚನ್ನಗಿರಿಯ ಅಡಿಕೆ ವರ್ತಕರೊಬ್ಬರಲ್ಲಿ ಹನ್ನೆರಡು ಜನ ಕೆಲಸಗಾರರು. ವಾರ್ಷಿಕ ಮಾರಾಟ 6 ಕೋಟಿ ರೂಪಾಯಿ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಬಡ್ಡಿ ಶೇಕಡಾ 12. ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವವರ ಸಂಬಳ ಮಾಸಿಕ 18,000 ರೂಪಾಯಿ. ಅವರು 3,000 ಹೆಚ್ಚಳ ಕೇಳಬೇಕೆಂದಿದ್ದಾರೆ. ಅವರ ಬಳಿ ಎರಡು ಪುರಾವೆಗಳಿವೆ.

ಮೊದಲನೆಯದು ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ. ಪ್ರತಿ ತಿಂಗಳು ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಅಲ್ಲಿ ಕಾಣದ 1,84,000 ರೂಪಾಯಿಯ ಜಮೆಯನ್ನು ಮಾರಾಟಗಾರರ ಬೆನ್ನುಹತ್ತಿ ಅವರು ತರಿಸಿದ್ದಾರೆ. ಅಷ್ಟನ್ನೂ ಉಳಿಸಿದೆ ಎಂದು ಹೇಳುವುದು ಸಹಜ. ಆದರೆ ಅದು ನಿಲ್ಲುವ ಮಾತಲ್ಲ. ಅದರಲ್ಲಿ 1,38,000 ರೂಪಾಯಿ ತಡವಾಗಿ ರಿಟರ್ನ್ ಸಲ್ಲಿಸಿದವರದು. ಯಾರೂ ಕೇಳದಿದ್ದರೂ ಸುಮಾರು ಎರಡು ತಿಂಗಳ ನಂತರ ಅದು ಬರುತ್ತಿತ್ತು. ಉಳಿದದ್ದು ಎರಡು ತಿಂಗಳ ಬಡ್ಡಿ ಮಾತ್ರ, ಅಂದರೆ 2,760 ರೂಪಾಯಿ. ಮಿಕ್ಕ 46,000 ರೂಪಾಯಿಯ ಬಿಲ್ಲುಗಳಲ್ಲಿ ಮಾರಾಟಗಾರರು ಬೇರೆಯವರ ನೋಂದಣಿ ಸಂಖ್ಯೆ ನಮೂದಿಸಿದ್ದರು. ಆ ಆರ್ಥಿಕ ವರ್ಷ ಮುಗಿದ ಮುಂದಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಕೆ, ಯಾವುದು ಮೊದಲೋ ಅದರೊಳಗೆ ತಿದ್ದುಪಡಿಯಾಗದಿದ್ದರೆ ಆ ಜಮೆ ಶಾಶ್ವತವಾಗಿ ಹೋಗುತ್ತಿತ್ತು. ನಿಜವಾಗಿ ಉಳಿಸಿದ್ದು ಈ 46,000.

ಎರಡನೆಯದು ಉದ್ದರಿ ವಸೂಲಿ. ಸೋಮವಾರಕ್ಕೊಮ್ಮೆ ಬಾಕಿದಾರರ ಪಟ್ಟಿ ತೆಗೆದು ಕರೆ ಮಾಡಿದ್ದರಿಂದ ಹಣ ಬರುವ ಅವಧಿ 52 ದಿನದಿಂದ 44 ದಿನಕ್ಕೆ ಇಳಿದಿದೆ. ಧಾರಣೆ ಏರಿದರೆ ಬಾಕಿಯೂ ಮಾರಾಟವೂ ಒಟ್ಟಿಗೆ ಏರುವುದರಿಂದ ದಿನಗಳ ಲೆಕ್ಕದಲ್ಲಿ ಮಾರುಕಟ್ಟೆಯ ಪಾಲು ಬಹುಮಟ್ಟಿಗೆ ಕಳಚಿಹೋಗುತ್ತದೆ. ಆದರೆ ಮಾರ್ಚ್ 31ರ ಬಾಕಿಯೊಂದನ್ನೇ ಹಿಡಿದರೆ ವರ್ಷಾಂತ್ಯದ ಧಾರಣೆ ಲೆಕ್ಕ ಕೆಡಿಸುತ್ತದೆ. ಹನ್ನೆರಡು ತಿಂಗಳ ಕೊನೆಯ ಬಾಕಿಗಳ ಸರಾಸರಿ ತೆಗೆಯಬೇಕು. ಇನ್ನೊಂದು ಜರಡಿಯೂ ಉಂಟು. ಇಬ್ಬರು ದೊಡ್ಡ ಖರೀದಿದಾರರ ವಾಯಿದೆಯನ್ನು ಮಾಲೀಕರೇ 60 ದಿನದಿಂದ 45ಕ್ಕೆ ಇಳಿಸಿದ್ದರು. ಎಂಟರಲ್ಲಿ ಐದು ದಿನ ಅವರ ಪಾಲು. ಗುಮಾಸ್ತರ ಪಾಲು ಮೂರು ದಿನ. ದಿನದ ಮಾರಾಟ ಸುಮಾರು 1,64,000 ರೂಪಾಯಿಯಾದ್ದರಿಂದ ಮೂರು ದಿನಕ್ಕೆ 4,92,000; ಅದರ ವಾರ್ಷಿಕ ಬಡ್ಡಿ ಸುಮಾರು 59,000 ರೂಪಾಯಿ. ಮಾಲೀಕರ ಪಾಲನ್ನು ಮಾಲೀಕರಿಗೇ ಬಿಟ್ಟುಕೊಟ್ಟವರ ಉಳಿದ ಅಂಕಿಗಳನ್ನು ಅವರು ಸುಲಭವಾಗಿ ತಳ್ಳಿಹಾಕಲಾರರು.

ಈಗ ಹೆಚ್ಚಳದ ವೆಚ್ಚ. ವರ್ಷಕ್ಕೆ 36,000 ರೂಪಾಯಿ ಎಂಬುದು ಕಣ್ಣಿಗೆ ಕಾಣುವ ಭಾಗ. ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿಗೆ ಉಪದಾನ, ಅಂದರೆ ಗ್ರಾಚುಯಿಟಿ ಅನ್ವಯಿಸುತ್ತದೆ. ಅದನ್ನು ಕೊನೆಯ ವೇತನದ ಮೇಲೆ, ಪೂರ್ಣ ಸೇವಾವಧಿಗೆ, ವರ್ಷಕ್ಕೆ 15 ದಿನದಂತೆ 26ರಿಂದ ಭಾಗಿಸಿ ಎಣಿಸುವುದರಿಂದ ಇಂದಿನ ಹೆಚ್ಚಳ ಹಿಂದಿನ ಒಂಬತ್ತು ವರ್ಷಕ್ಕೂ ತಗಲುತ್ತದೆ: 3,000ಕ್ಕೆ ಸುಮಾರು 15,600 ರೂಪಾಯಿ. ಹೀಗಾಗಿ ಮೊದಲ ವರ್ಷದ ಹೊರೆ ಸುಮಾರು 51,600. ನಂತರದ ವರ್ಷಗಳಲ್ಲಿ ಸುಮಾರು 37,700. ಭವಿಷ್ಯ ನಿಧಿ, ಬೋನಸ್ ಅನ್ವಯಿಸುವಲ್ಲಿ ಅವನ್ನೂ ಸೇರಿಸಬೇಕು. ಈ ಲೆಕ್ಕವನ್ನು ಕೇಳುವವರೇ ಮುಂದಿಟ್ಟರೆ, ನಿನಗೆ ಗೊತ್ತಿಲ್ಲದ ಖರ್ಚು ಎಷ್ಟಿದೆ ಗೊತ್ತೇ ಎಂಬ ಮಾತಿಗೆ ಎಡೆಯಿರುವುದಿಲ್ಲ.

ಲಾಭವನ್ನೂ ಹಾಗೆಯೇ ವಿಂಗಡಿಸಬೇಕು. 46,000 ಒಂದು ಸಲದ್ದು. ಮುಂದಿನ ವರ್ಷ ಅಂಥ ತಪ್ಪು ಬಿಲ್ಲು ಬಾರದೆಯೂ ಇರಬಹುದು. ಅದಕ್ಕೆ ತಕ್ಕದ್ದು ಒಂದಾವರ್ತಿ ಇನಾಮು. ವಸೂಲಿಯ 59,000 ಮತ್ತು ಬಡ್ಡಿಯ 2,760 ಮಾತ್ರ, ಶಿಸ್ತು ಮುಂದುವರಿದರೆ, ವರ್ಷವರ್ಷವೂ ಬರುವಂಥದು. ಕಾಯಂ ಸಂಬಳಕ್ಕೆ ಕಾಯಂ ಲಾಭವೇ ಆಧಾರ. ಸುಮಾರು 62,000ದ ಎದುರು 51,600, ಬಳಿಕ 37,700: ಬೇಡಿಕೆ ನಿಲ್ಲುತ್ತದೆ. ಇದೇ ಗುಮಾಸ್ತರು 6,000 ಕೇಳಿದ್ದರೆ ವರ್ಷಕ್ಕೆ 72,000 ಸಂಬಳವೇ ಆಗಿ ಬೇಡಿಕೆ ನಿಲ್ಲುತ್ತಿರಲಿಲ್ಲ. ಬಾಕಿಯ ದಿನಗಳು ಮತ್ತೆ 47ಕ್ಕೆ ಏರಿದರೆ ಆಧಾರವೇ ಕುಸಿಯುತ್ತದೆಂಬುದನ್ನೂ ಇಬ್ಬರೂ ಅರಿತಿರಬೇಕು.

ಇದಿಷ್ಟೂ ಒಂದು ಹಾಳೆಯಲ್ಲಿ ಅಡಗಬೇಕು. ಪ್ರತಿ ಅಂಕಿಯ ಎದುರು ವೋಚರ್ ಸಂಖ್ಯೆ, ದಿನಾಂಕ, ಖಾತೆಯ ಹೆಸರು ಬರೆದರೆ ಸಾಕು. ಪುಸ್ತಕದ ಪ್ರತಿ ಮಾಡಿ ಮನೆಗೆ ಒಯ್ಯುವುದು ಸಲ್ಲದು. ಗಿರಾಕಿಗಳ ಲೆಕ್ಕ ಮಂಡಿಯ ಗುಟ್ಟು. ಅದು ಹೊರಗೆ ಹೋಯಿತೆಂದರೆ ಒಂಬತ್ತು ವರ್ಷದ ನಂಬಿಕೆ ಹೋದಂತೆ. ಹಾಳೆಯನ್ನು ಮಾತಿಗೆ ಎರಡು ದಿನ ಮೊದಲೇ ಕೊಟ್ಟು, ಯಜಮಾನರೇ ತಾಳೆ ನೋಡಲಿ ಎಂದು ಬಿಡುವುದು ಒಳ್ಳೆಯದು. ಕಾನೂನಿನ ಕನಿಷ್ಠ ವೇತನ ಪರಿಷ್ಕರಣೆಯನ್ನು ಈ ಹಾಳೆಯಲ್ಲಿ ಸೇರಿಸಬಾರದು. ಅದು ಕೊಡಲೇಬೇಕಾದದ್ದು, ಸಾಧನೆಗೆ ಸಂಬಂಧಿಸಿದ್ದಲ್ಲ. ಹಾಗೆಯೇ ಅದನ್ನು ಕೊಟ್ಟ ಮಾಲೀಕರು ಹೆಚ್ಚಳ ಕೊಟ್ಟೆವೆಂದು ಎಣಿಸಬಾರದು.

ಎಲ್ಲ ಕೆಲಸವೂ ಹೀಗೆ ಅಳತೆಗೆ ಸಿಗುವುದಿಲ್ಲ. ಹಮಾಲರ ತಂಡವನ್ನು ಜಗಳವಿಲ್ಲದೆ ನಡೆಸುವವರ, ತೂಕದಲ್ಲಿ ರೈತರ ವಿಶ್ವಾಸ ಉಳಿಸಿದವರ ಬೆಲೆ ಯಾವ ಖಾತೆಯಲ್ಲಿಯೂ ಕಾಣದು. ಅಂಥವರ ವಿಷಯದಲ್ಲಿ, ಅವರು ಬಿಟ್ಟುಹೋದರೆ ಹೊಸಬರಿಗೆ ಎಷ್ಟು ಕೊಡಬೇಕು, ಅವರು ಪಳಗಲು ಎಷ್ಟು ತಿಂಗಳು ಬೇಕು ಎಂಬುದನ್ನು ಮಾಲೀಕರೇ ಅಂದಾಜಿಸಬೇಕು.

ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಸಂಬಳ ಕೊಡುವವರೆಂದು ಬಲ್ಲೆ. ಇಂಥ ಹಾಳೆಯೊಂದು ಮೇಜಿನ ಮೇಲೆ ಬಂದಾಗ, ನಿನಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದು ಮಡಿಚಿಡಬೇಡಿ. ಎಲ್ಲರೂ ಇಂಥ ಹಾಳೆ ತಂದರೆ ಎಲ್ಲರಿಗೂ ಕೊಡುವುದರಲ್ಲಿ ನಷ್ಟವೇನಿದೆ? ಒಪ್ಪದಿದ್ದರೆ ಯಾವ ಅಂಕಿಯನ್ನು, ಏಕೆ ಒಪ್ಪುವುದಿಲ್ಲವೆಂದು ಅದೇ ಹಾಳೆಯ ಮೇಲೆ ಬರೆದು ಕೊಡಿ. ಮುಂದಿನ ವರ್ಷದ ಮಾತು ಅಲ್ಲಿಂದ ಆರಂಭವಾಗುತ್ತದೆ.