ಹಳೆಯ ಎಂಜಿನ್, ಹೊಸ ಡೀಸೆಲ್: ದೋಷ ಎಲ್ಲಿದೆ?

2020ರ ಏಪ್ರಿಲ್ 1ರಂದು ದೇಶದಾದ್ಯಂತ ಭಾರತ್ ಸ್ಟೇಜ್-6 ಇಂಧನ ಜಾರಿಗೆ ಬಂದಾಗ ಮೈಸೂರಿನ ಬಂಕುಗಳ ಡೀಸೆಲ್ ಕೂಡ ಬದಲಾಯಿತು. ಸ್ಟೇಜ್-3ರ ಒಂದು ಕಿಲೋ ಡೀಸೆಲ್‌ನಲ್ಲಿ 350 ಮಿಲಿಗ್ರಾಂವರೆಗೆ ಗಂಧಕ ಇರಬಹುದಿತ್ತು. ಸ್ಟೇಜ್-4ರಲ್ಲಿ ಅದು 50ಕ್ಕೆ ಇಳಿದು, ಈಗ 10ರ ಮಿತಿಗೆ ಬಂದಿದೆ. ಗಾಳಿಗೆ ಇದು ಒಳ್ಳೆಯದೆಂಬುದು ನಿರ್ವಿವಾದ. ಆದರೆ ಹಳೆಯ ಜೀಪು, ಟೆಂಪೊ, ವ್ಯಾನುಗಳನ್ನೇ ನೆಚ್ಚಿಕೊಂಡವರಲ್ಲಿ ಬೇರೊಂದು ಮಾತಿದೆ: ‘ಹೊಸ ಡೀಸೆಲ್‌ನಲ್ಲಿ ಜಿಡ್ಡಿಲ್ಲ, ಅದು ಪಂಪನ್ನು ತಿನ್ನುತ್ತದೆ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ ಎಂಜಿನ್ನೂ ಕೆಡುತ್ತದೆ, ಗಾಳಿಯೂ ಕೆಡುತ್ತದೆ.

ಮೊದಲನೆಯದು ಜಿಡ್ಡಿನ ಪ್ರಶ್ನೆ. ಎಂಜಿನ್‌ಗೆ ಇಂಧನ ಒತ್ತುವ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆ. ಹಳೆಯ ಇನ್‌ಲೈನ್ ಪಂಪಿನಲ್ಲಿ ಕ್ಯಾಮ್ ಭಾಗಕ್ಕೆ ಪ್ರತ್ಯೇಕ ಎಂಜಿನ್ ಆಯಿಲ್ ಇರುವುದರಿಂದ ಅದು ಹೆಚ್ಚು ತಾಳಿಕೊಳ್ಳುತ್ತದೆ. ರೋಟರಿ ಪಂಪಿಗೆ ಡೀಸೆಲ್ ಬಿಟ್ಟರೆ ಬೇರೆ ಆಸರೆಯಿಲ್ಲ. ಆದರೆ ಆ ಜಿಡ್ಡು ಗಂಧಕದ್ದಲ್ಲ. ಡೀಸೆಲ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕೆಲವು ಆಮ್ಲಜನಕ ಮತ್ತು ಸಾರಜನಕದ ಸಂಯುಕ್ತಗಳು ಲೋಹಕ್ಕೆ ಅಂಟಿಕೊಂಡು ತೆಳುವಾದ ಪೊರೆಯಾಗುತ್ತವೆ. ಸಂಸ್ಕರಣಾಗಾರದಲ್ಲಿ ಜಲಜನಕ ಹಾಯಿಸಿ ಗಂಧಕ ತೆಗೆಯುವಾಗ ಅವೂ ಕಳೆದುಹೋಗುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ಅತ್ಯಲ್ಪ ಗಂಧಕದ ಡೀಸೆಲ್ ಬಳಕೆಗೆ ತಂದಾಗ ಪಂಪುಗಳು ಅಕಾಲದಲ್ಲಿ ಸವೆದದ್ದು ಇದೇ ಕಾರಣದಿಂದ.

ಆ ಪಾಠ ವ್ಯರ್ಥವಾಗಲಿಲ್ಲ. ಈಗ ಸಂಸ್ಕರಣೆಯ ನಂತರ ಜಿಡ್ಡು ನೀಡುವ ಸೇರ್ಪಡೆಯನ್ನು ಬೆರೆಸಿಯೇ ಡೀಸೆಲ್ ಕಳುಹಿಸಲಾಗುತ್ತದೆ. ಪರೀಕ್ಷೆಗೂ ಕ್ರಮವಿದೆ: 60 ಡಿಗ್ರಿ ಸೆಲ್ಸಿಯಸ್‌ನ ಡೀಸೆಲ್‌ನಲ್ಲಿ ಉಕ್ಕಿನ ಗುಂಡನ್ನು ಉಕ್ಕಿನ ಬಿಲ್ಲೆಯ ಮೇಲೆ ಉಜ್ಜಿ, ಉಂಟಾದ ಸವೆತದ ಗುರುತನ್ನು ಅಳೆಯುತ್ತಾರೆ. ಭಾರತೀಯ ಮಾನಕದ ಪ್ರಕಾರ ಅದು 460 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕು. ಬಂಕಿನ ಶುದ್ಧ ಡೀಸೆಲ್‌ಗೆ ಮನೆಯಲ್ಲಿ ಮತ್ತೇನನ್ನೂ ಸೇರಿಸಬೇಕಾಗಿಲ್ಲ.

ಎರಡನೆಯದು ಸೀಲುಗಳ ಪ್ರಶ್ನೆ. ಹಳೆಯ ಪಂಪುಗಳ ಸೀಲುಗಳು ಹೆಚ್ಚಾಗಿ ನೈಟ್ರೈಲ್ ರಬ್ಬರಿನವು. ಡೀಸೆಲ್‌ನಲ್ಲಿರುವ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ನುಗಳನ್ನು ಹೀರಿಕೊಂಡು ಈ ರಬ್ಬರು ಉಬ್ಬುತ್ತದೆ. ಅವು ಕಡಿಮೆಯಾದಾಗ ಕುಗ್ಗುತ್ತದೆ. ಗಂಧಕ ತೆಗೆಯುವ ಸಂಸ್ಕರಣೆ ಇವುಗಳ ಅಂಶವನ್ನೂ ಸ್ವಲ್ಪ ತಗ್ಗಿಸುತ್ತದೆ. ಹೊಸ ರಬ್ಬರು ಹೊಂದಿಕೊಳ್ಳುತ್ತದೆ. ಹಲವು ವರ್ಷ ಬಿಸಿಯಲ್ಲಿ ಬೆಂದು ಗಡುಸಾದ ರಬ್ಬರು ಕುಗ್ಗಿದಲ್ಲೇ ಉಳಿದು ಸೋರುತ್ತದೆ. 1993ರಲ್ಲಿ ಇಂಧನ ಬದಲಾದಾಗ ಕ್ಯಾಲಿಫೋರ್ನಿಯಾದ ಹಳೆಯ ವಾಹನಗಳಲ್ಲಿ ಹೀಗೆಯೇ ಆಯಿತು.

ಉದಾಹರಣೆಗೆ, ರೋಟರಿ ಪಂಪಿನ ಹಳೆಯ ಜೀಪೊಂದು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆಯೇ ಸ್ಟಾರ್ಟ್ ಆಗುತ್ತದೆ ಎನ್ನೋಣ. ಫಿಲ್ಟರ್ ಮತ್ತು ಪಂಪಿನ ನಡುವೆ ಸ್ವಲ್ಪ ಹೊತ್ತು ಪಾರದರ್ಶಕ ಕೊಳವೆ ಜೋಡಿಸಿ ನೋಡಬೇಕು. ಗಾಳಿಯ ಗುಳ್ಳೆಗಳು ಹರಿದರೆ ಪಂಪಿಗೂ ಮೊದಲಿನ ಯಾವುದೋ ಜೋಡಣೆ ಅಥವಾ ಕೊಳವೆ ಗಾಳಿ ಎಳೆಯುತ್ತಿದೆ. ಪಂಪಿನ ಮೈ ಒದ್ದೆಯಾಗಿದ್ದರೆ ಅದರ ಸೀಲು ಸೋರುತ್ತಿದೆ. ಪಂಪನ್ನು ಗೇರಿನಿಂದ ತಿರುಗಿಸುವ ಎಂಜಿನ್ನುಗಳಲ್ಲಿ ಡೀಸೆಲ್ ಒಳಗೇ ಸೋರಿ ಎಂಜಿನ್ ಆಯಿಲ್‌ಗೆ ಬೆರೆಯಬಹುದು. ಆಯಿಲ್ ಮಟ್ಟ ಏರುವುದು, ಡೀಸೆಲ್ ವಾಸನೆ ಬರುವುದು ಅದರ ಲಕ್ಷಣ. ಹಾಗಾದರೆ ವಾಹನ ಓಡಿಸಕೂಡದು; ತೆಳುವಾದ ಆಯಿಲ್ ಬೇರಿಂಗುಗಳನ್ನು ಹಾಳುಮಾಡುತ್ತದೆ. ಈ ದೋಷಗಳಿಗೆ ಇಡೀ ಪಂಪನ್ನೇ ಬದಲಿಸಬೇಕೆಂದಿಲ್ಲ. ವಿಟಾನ್ ಮಾದರಿಯ ಫ್ಲೋರೊ ರಬ್ಬರಿನ ಸೀಲು ಹಾಕಿಸಿದರೆ ಇಂಧನದ ಬದಲಾವಣೆ ಅದನ್ನು ಅಷ್ಟಾಗಿ ಬಾಧಿಸದು. ಆದರೆ ಎಂಜಿನ್ ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗಲು ಹಟ ಮಾಡಿದರೆ, ಪಂಪ್ ಬಿಚ್ಚಿದಾಗ ಲೋಹದ ಚೂರು ಕಂಡರೆ, ಅದು ಸವೆತ, ಸೀಲಿನಿಂದ ಸರಿಹೋಗದು.

ನಿಜವಾಗಿ ಪಂಪನ್ನು ತಿನ್ನುವುದು ಕಲಬೆರಕೆ. ಸೀಮೆಎಣ್ಣೆ ಬೆರೆಸಿದರೆ ಡೀಸೆಲ್ ತೆಳುವಾಗಿ, ಸೇರ್ಪಡೆಯಿಂದ ಬಂದ ರಕ್ಷಣೆಯೂ ಕುಂದುತ್ತದೆ. ಜಿಡ್ಡಿಗೆಂದು ಸ್ಕೂಟರಿನ ಟು-ಸ್ಟ್ರೋಕ್ ಆಯಿಲ್ ಸುರಿಯುವುದೂ ಪರಿಹಾರವಲ್ಲ. ಅದೇ ಅಭ್ಯಾಸ ಹೊಸ ವಾಹನಕ್ಕೆ ಹರಡಿದರೆ ಅದರ ಬೂದಿ ಹೊಗೆಯ ಫಿಲ್ಟರನ್ನು ಕಟ್ಟುತ್ತದೆ.

ಹಾಗೆಂದು ಹೊಸ ಡೀಸೆಲ್ ಹಳೆಯ ವಾಹನವನ್ನು ಶುದ್ಧಗೊಳಿಸಿಬಿಡುತ್ತದೆ ಎಂದು ಭಾವಿಸುವುದೂ ತಪ್ಪು. ಗಂಧಕದಿಂದಾಗುವ ಆಮ್ಲ ಮತ್ತು ಸಲ್ಫೇಟ್ ಕಣಗಳು ತಗ್ಗುತ್ತವೆ, ಅಷ್ಟೆ. ನಾಜಲ್ ಸರಿಯಾಗಿ ಸಿಂಪಡಿಸದೆ ಬರುವ ಕಪ್ಪು ಹೊಗೆ ಬಂಕಿನಲ್ಲಿ ಕಡಿಮೆಯಾಗದು. ಅದು ಗ್ಯಾರೇಜಿನ ಕೆಲಸ. ಚಾಮುಂಡಿ ಬೆಟ್ಟದ ಏರಿನಲ್ಲಿ ಕರಿಹೊಗೆ ಬಿಡುವ ಹಳೆಯ ವಾಹನದ ಮಾಲೀಕರು ಡೀಸೆಲ್ಲನ್ನು ದೂರುವ ಮೊದಲು ನಾಜಲ್ಲನ್ನೂ ಸೀಲುಗಳನ್ನೂ ಪರೀಕ್ಷಿಸಿಕೊಳ್ಳುವುದು ಲೇಸು.