ಬೆಳೆಸಾಲದ ಗಡುವು ಮಾರ್ಚ್ 31 ನಿಜವೇ? ಫಾರ್ವರ್ಡ್ ಸಂದೇಶ ಹೇಳದೆ ಬಿಟ್ಟ ದಿನಾಂಕ

"ರೈತ ಬಾಂಧವರೇ ಗಮನಿಸಿ, ಮಾರ್ಚ್ 31ರೊಳಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಕಟ್ಟಿದರೆ ಶೇ 4 ಬಡ್ಡಿ, ತಪ್ಪಿದರೆ ಶೇ 7. ಎಲ್ಲ ಗ್ರೂಪ್‌ಗಳಿಗೂ ಕಳಿಸಿ." ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಊರುಗಳಲ್ಲಿ ಯುಗಾದಿ ಹತ್ತಿರ ಬಂತೆಂದರೆ ಸೊಸೈಟಿ ಮತ್ತು ಬ್ಯಾಂಕುಗಳ ಮುಂದೆ ಜನ ಸೇರುವುದಕ್ಕೆ ಈ ಮಾತೂ ಒಂದು ಕಾರಣ.

ಸಂದೇಶದಲ್ಲಿ ಅರ್ಧ ನಿಜವಿದೆ. ಬಡ್ಡಿಯ ಲೆಕ್ಕ ಸರಿ, ದಿನಾಂಕ ಮಾತ್ರ ಎಲ್ಲರಿಗೂ ಸರಿಯಲ್ಲ. ತಪ್ಪು ದಿನಾಂಕ ನಂಬಿದವರು ಸಾವಿರಗಟ್ಟಲೆ ಹಣ ಕಳೆದುಕೊಳ್ಳುತ್ತಾರೆ.

ಮೊದಲು ಬಡ್ಡಿ ಎಲ್ಲಿಂದ ಇಳಿಯುತ್ತದೆ ನೋಡೋಣ. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಶುರುವಾದ ಯೋಜನೆ. ಬೆಳೆಗೆಂದು ಕೊಡುವ 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಸಾಲಕ್ಕೆ ಬ್ಯಾಂಕು ಶೇ 7ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಬ್ಯಾಂಕಿಗೆ ಅದು ಗಿಟ್ಟದ ಕಾರಣ ಕೇಂದ್ರ ಸರಕಾರ ಶೇ 1.5ರಷ್ಟನ್ನು ಬ್ಯಾಂಕಿಗೆ ತುಂಬಿಕೊಡುತ್ತದೆ. ಇದು ರೈತನ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ರೈತನಿಗೇ ಸಿಗುವ ರಿಯಾಯಿತಿ. ಸಾಲವನ್ನು ಸಮಯಕ್ಕೆ ಸರಿಯಾಗಿ ತೀರಿಸಿದವರಿಗೆ ಇನ್ನೂ ಶೇ 3 ಬಿಡುತ್ತಾರೆ. ಏಳರಲ್ಲಿ ಮೂರು ಹೋಗಿ ನಾಲ್ಕು ಉಳಿಯುತ್ತದೆ. ಅಂದರೆ ಶೇ 4 ಎಂಬುದು ಬ್ಯಾಂಕಿನ ಬಡ್ಡಿ ದರವಲ್ಲ, ಗಡುವು ಪಾಲಿಸಿದವರಿಗೆ ಕೊನೆಯಲ್ಲಿ ಉಳಿಯುವ ಲೆಕ್ಕ.

ಹಾಗಾದರೆ ಗಡುವು ಯಾವುದು? ನಿಯಮದ ಪ್ರಕಾರ ಎರಡು ದಿನಾಂಕ ನೋಡಬೇಕು. ಒಂದು, ಬೆಳೆ ಕೊಯ್ದು ಮಾರಲು ಬೇಕಾದ ಸಮಯ ಲೆಕ್ಕ ಹಾಕಿ ಬ್ಯಾಂಕು ನಿಮ್ಮ ಸಾಲಕ್ಕೆ ಗೊತ್ತು ಮಾಡಿದ ಕಂತಿನ ದಿನ. ಇನ್ನೊಂದು, ನೀವು ಹಣ ಎತ್ತಿದ ದಿನದಿಂದ ಒಂದು ವರ್ಷ. ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಶೇ 3ರ ರಿಯಾಯಿತಿಗೆ ಕೊನೆಯ ದಿನ. ಬ್ಯಾಂಕು ಮಾರ್ಚ್ 31 ಎಂದು ಬರೆದಿದ್ದರೆ ನಿಮಗೆ ಅದೇ ಗಡುವು, ಆಗ "ಜೂನ್‌ನಲ್ಲಿ ಎತ್ತಿದ್ದು, ಇನ್ನೂ ವರ್ಷ ತುಂಬಿಲ್ಲ" ಎಂಬ ಮಾತು ನಡೆಯುವುದಿಲ್ಲ. ಬ್ಯಾಂಕು ಬೇರೆ ದಿನ ಬರೆದಿದ್ದರೆ ಮಾರ್ಚ್ 31ಕ್ಕೆ ವಿಶೇಷ ಅರ್ಥವೇನೂ ಇಲ್ಲ. ಅದು ಬ್ಯಾಂಕಿನ ಲೆಕ್ಕಪತ್ರದ ವರ್ಷ ಮುಗಿಯುವ ದಿನ, ನಿಮ್ಮ ಹೊಲದ ವರ್ಷ ಮುಗಿಯುವ ದಿನವಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಿರೇಕೆರೂರು ತಾಲ್ಲೂಕಿನಲ್ಲಿ ಗೋವಿನಜೋಳ ಬಿತ್ತುವ ಒಬ್ಬ ರೈತ 2024ರ ಜೂನ್ 10ರಂದು ಕಾರ್ಡಿನಿಂದ 1,50,000 ರೂಪಾಯಿ ಎತ್ತಿದ ಎಂದುಕೊಳ್ಳಿ. ಬ್ಯಾಂಕು ಒಂದು ವರ್ಷದ ಗಡುವು ಕೊಟ್ಟಿದೆ, ಅಂದರೆ 2025ರ ಜೂನ್ 9. ಶೇ 7ರಂತೆ ವರ್ಷದ ಬಡ್ಡಿ 10,500 ರೂಪಾಯಿ. ಜೂನ್ 9ರೊಳಗೆ ಅಸಲು ಬಡ್ಡಿ ಎರಡನ್ನೂ ತುಂಬಿದರೆ 4,500 ರೂಪಾಯಿ ವಾಪಸ್, ಅವನಿಗೆ ಬಿದ್ದ ನಿಜವಾದ ಬಡ್ಡಿ 6,000 ರೂಪಾಯಿ.

ಅದೇ ರೈತ ಬಿತ್ತನೆಯ ಗಡಿಬಿಡಿಯಲ್ಲಿ ಜೂನ್ 30ಕ್ಕೆ ಹೋಗಿ ಕಟ್ಟಿದ ಎನ್ನಿ. ತಡವಾದದ್ದು 21 ದಿನ. 4,500 ರೂಪಾಯಿ ಪೂರ್ತಿ ಹೋಯಿತು. 21 ದಿನಕ್ಕೆ ಇಷ್ಟು, ಅದಕ್ಕಿಷ್ಟು ಎಂದು ಕಡಿತ ಮಾಡುವ ಪದ್ಧತಿ ಇಲ್ಲ. ಇಡೀ ವರ್ಷದ ರಿಯಾಯಿತಿಯೇ ಕೈಬಿಡುತ್ತದೆ. ಮೇಲಿಂದ ಗಡುವು ದಾಟಿದ ದಿನದಿಂದ ಶೇ 7ರ ರಕ್ಷಣೆಯೂ ಇಲ್ಲ, ಬ್ಯಾಂಕು ತನ್ನ ಮಾಮೂಲಿ ದರದಲ್ಲಿ ಬಡ್ಡಿ ಹಾಕುತ್ತದೆ. ಒಂದೂವರೆ ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ಕೈಗಡ ತಂದರೆ ಒಂದು ತಿಂಗಳಿಗೆ ಆಗುವ ಬಡ್ಡಿಯೂ 4,500 ರೂಪಾಯಿಯೇ. ಬ್ಯಾಂಕಿನ ಸಾಲ ಅಗ್ಗ ಎಂದು ಸುಮ್ಮನಿದ್ದವನು ಮೂರು ವಾರಕ್ಕೆ ಖಾಸಗಿ ಲೇವಾದೇವಿಗಿಂತ ದುಬಾರಿ ಬೆಲೆ ಕೊಟ್ಟಂತಾಯಿತು.

ಇದೇ ಲೆಕ್ಕದಿಂದ ಊರುಗಳಲ್ಲಿ ಒಂದು ಪದ್ಧತಿ ಬೆಳೆದಿದೆ. ಗಡುವಿನ ಹಿಂದಿನ ದಿನ ಪರಿಚಿತರಿಂದ ಕೈಗಡ ತಂದು ಸಾಲ ಮುಗಿಸುವುದು, ನಾಲ್ಕೈದು ದಿನದಲ್ಲಿ ಕಾರ್ಡ್ ನವೀಕರಿಸಿ ಮತ್ತೆ ಎತ್ತಿ ಕೈಗಡ ತೀರಿಸುವುದು. ಐದು ದಿನಕ್ಕೆ ಮುಗಿದರೆ ಮೂರು ರೂಪಾಯಿ ಬಡ್ಡಿಯಲ್ಲಿ ಖರ್ಚು 750 ರೂಪಾಯಿ, ಉಳಿದದ್ದು 4,500. ಲೆಕ್ಕಕ್ಕೆ ಲಾಭವೇ. ಆದರೆ ನವೀಕರಣಕ್ಕೆ ಒಂದು ಕಾಗದ ಕಡಿಮೆ ಬಿದ್ದು, ಪಹಣಿಯಲ್ಲಿ ಹೆಸರಿನ ತಕರಾರು ಬಂದು ಒಂದು ತಿಂಗಳು ಎಳೆದರೆ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ. ಹಾಗಾಗಿ ಕೈಗಡ ತರುವ ಮೊದಲೇ ಬ್ಯಾಂಕಿಗೆ ಹೋಗಿ ನವೀಕರಣಕ್ಕೆ ಏನೇನು ಬೇಕು ಕೇಳಿಕೊಂಡು, ಕಾಗದ ಒಪ್ಪಿಸಿ, ಆಮೇಲೆ ಹಣ ತುಂಬುವುದು ಒಳ್ಳೆಯದು. ಬರೀ ಬಡ್ಡಿ ಕಟ್ಟಿ ಬಂದರೆ ಸಾಕು ಎಂಬ ಮಾತನ್ನಂತೂ ನಂಬಬೇಡಿ. ಅಸಲು ಹಾಗೇ ಉಳಿದರೆ ಅದನ್ನು ಸಾಲ ತೀರಿಸಿದ್ದು ಎನ್ನುವುದಿಲ್ಲ.

ನಿಜವಾದ ತೊಂದರೆ ಇರುವುದು ಬೆಲೆಯಲ್ಲಿ. ಗೋವಿನಜೋಳ ಅಕ್ಟೋಬರ್, ನವೆಂಬರ್‌ನಲ್ಲಿ ಕೈಗೆ ಬರುತ್ತದೆ, ಹಾನಗಲ್ಲಿನ ಭತ್ತವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊಯ್ಲು. ಎಲ್ಲರೂ ಒಟ್ಟಿಗೆ ಮಾರಲು ಹೋದಾಗ ದರ ಬೀಳುತ್ತದೆ, ಕಾಯೋಣ ಅನ್ನಿಸುತ್ತದೆ. ಸವಣೂರು, ಶಿಗ್ಗಾವಿ ಕಡೆ ಒಣಮೆಣಸಿನಕಾಯಿ ಬೆಳೆದವರು ಬ್ಯಾಡಗಿಯ ಶೀತಲಗೃಹದಲ್ಲಿ ಚೀಲ ಇಟ್ಟು ದರ ಏರಲಿ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಕಾಯುವುದು ತಪ್ಪಲ್ಲ. ಆದರೆ ಗಡುವು ದಾಟಿಸಿ ಕಾಯುವುದಾದರೆ ಆ ಖರ್ಚನ್ನೂ ದರಕ್ಕೆ ಸೇರಿಸಿ ನೋಡಬೇಕು. ನಮ್ಮ ಉದಾಹರಣೆಯ ರೈತನ ಹತ್ತಿರ 60 ಕ್ವಿಂಟಲ್ ಗೋವಿನಜೋಳ ಇದ್ದರೆ, ಕಳೆದುಕೊಂಡ 4,500 ರೂಪಾಯಿ ಮರಳಲು ಕ್ವಿಂಟಲಿಗೆ 75 ರೂಪಾಯಿ ಏರಬೇಕು. 20 ಕ್ವಿಂಟಲ್ ಮೆಣಸಿನಕಾಯಿ ಇದ್ದರೆ ಕ್ವಿಂಟಲಿಗೆ 225 ರೂಪಾಯಿ. ಶೀತಲಗೃಹದ ಬಾಡಿಗೆ, ತೂಕದ ಇಳಿತ ಬೇರೆ. ಮೆಣಸಿನಕಾಯಿಗೆ 225 ರೂಪಾಯಿ ಏರುವುದು ದೊಡ್ಡ ಮಾತಲ್ಲ, ಆದರೆ ಅಷ್ಟೇ ಸುಲಭವಾಗಿ ಇಳಿಯಲೂಬಹುದು.

ಕಾಯಲೇಬೇಕೆನ್ನುವ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಯೋಜನೆಯಲ್ಲೇ ಒಂದು ದಾರಿ ಇದೆ, ಅದರ ಬಗ್ಗೆ ಫಾರ್ವರ್ಡ್ ಬಂದದ್ದನ್ನು ನಾವು ಕಂಡಿಲ್ಲ. ಸರಕಾರದ ಉಗ್ರಾಣ ಪ್ರಾಧಿಕಾರದ ಮಾನ್ಯತೆ ಇರುವ ಗೋದಾಮಿನಲ್ಲಿ ಮಾಲು ಇಟ್ಟು, ಅಲ್ಲಿ ಕೊಡುವ ವರ್ಗಾಯಿಸಬಹುದಾದ ಉಗ್ರಾಣ ರಸೀದಿಯ ಮೇಲೆ ಸಾಲ ಕೇಳಬಹುದು. ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಈ ಸಾಲಕ್ಕೂ ಬೆಳೆಸಾಲದ ಶೇ 7ರ ದರವೇ. ಆ ಹಣದಿಂದ ಬೆಳೆಸಾಲವನ್ನು ಗಡುವಿನೊಳಗೆ ಮುಗಿಸಿದರೆ ಮಾಲೂ ಉಳಿಯುತ್ತದೆ, ರಿಯಾಯಿತಿಯೂ ಉಳಿಯುತ್ತದೆ. ಮಾನ್ಯತೆ ಇಲ್ಲದ ಗೋದಾಮಿನ ಚೀಟಿಗೆ ಈ ಸೌಲಭ್ಯ ಇಲ್ಲ, ಅದನ್ನು ಮಾಲು ಇಳಿಸುವ ಮೊದಲೇ ಕೇಳಬೇಕು.

ಇನ್ನು ಸೊಸೈಟಿ ಸಾಲದ ಮಾತು. ಇಲ್ಲಿ ಹೆಸರಿನಿಂದಲೇ ಗೊಂದಲ. ನಮ್ಮ ಹಾವೇರಿ ಜಿಲ್ಲೆಯ ಹಳ್ಳಿ ಸೊಸೈಟಿಗಳಿಗೆ ಹಣ ಬರುವುದು ಧಾರವಾಡದ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕಿನಿಂದ, ಜನರ ಬಾಯಲ್ಲಿ ಅದು ಕೆಸಿಸಿ ಬ್ಯಾಂಕ್. ಕಿಸಾನ್ ಕ್ರೆಡಿಟ್ ಕಾರ್ಡಿಗೂ ಕೆಸಿಸಿ ಎನ್ನುತ್ತಾರೆ. ಹೀಗಾಗಿ "ಕೆಸಿಸಿ ಸಾಲಕ್ಕೆ ಬಡ್ಡಿ ಇಲ್ಲ" ಎಂಬ ಸಂದೇಶ ಬಂದರೆ ರಾಷ್ಟ್ರೀಕೃತ ಬ್ಯಾಂಕಿನ ಕಾರ್ಡ್ ಇಟ್ಟುಕೊಂಡವರೂ ಖುಷಿಪಡುತ್ತಾರೆ. ಸೊನ್ನೆ ಬಡ್ಡಿ ಇರುವುದು ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಮಾತ್ರ, ಅದರ ಭಾರ ಹೊರುವುದು ರಾಜ್ಯ ಸರಕಾರ. ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಫೆಬ್ರವರಿಯಲ್ಲಿ ಆಗ ಮುಖ್ಯಮಂತ್ರಿಯೂ ಶಿಗ್ಗಾವಿ ಶಾಸಕರೂ ಆಗಿದ್ದ ಬಸವರಾಜ ಬೊಮ್ಮಾಯಿ ಬಜೆಟ್‌ನಲ್ಲಿ ಹೇಳಿದರು, ಅದೇ ಜುಲೈನಲ್ಲಿ ಸಿದ್ದರಾಮಯ್ಯ ಅವರ ಬಜೆಟ್‌ನಲ್ಲೂ ಅದು ಬಂತು. ಎರಡೂ ಕಡೆ ಷರತ್ತು ಒಂದೇ: ಗಡುವಿನೊಳಗೆ ಕಟ್ಟಬೇಕು. ದಾಟಿದರೆ ಸೊನ್ನೆ ಹೋಗಿ ಬಡ್ಡಿ ಬೀಳುತ್ತದೆ. ಕೇಂದ್ರದ ಶೇ 4ರ ಯೋಜನೆಯ ಮಿತಿಯನ್ನೂ 5 ಲಕ್ಷ ಮಾಡುವ ಘೋಷಣೆ 2025ರ ಕೇಂದ್ರ ಬಜೆಟ್‌ನಲ್ಲಿ ಆಯಿತು. ಆದರೆ ಆ ಮೇ ತಿಂಗಳಲ್ಲಿ ಸಚಿವ ಸಂಪುಟ ಯೋಜನೆಯನ್ನು ಮುಂದುವರಿಸಿದ್ದು 3 ಲಕ್ಷದ ಮಿತಿಯಲ್ಲೇ. ಘೋಷಣೆಗೂ ನಿಮ್ಮ ಖಾತೆಗೂ ನಡುವೆ ಹೀಗೆ ಅಂತರ ಇರುತ್ತದೆ.

"ಗಡುವು ಮುಂದೆ ಹಾಕಿದ್ದಾರೆ" ಎಂಬ ಸಂದೇಶವೂ ಆಗಾಗ ಓಡಾಡುತ್ತದೆ. ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಆಗಸ್ಟ್ 31 ಎಂದು ಬರೆದಿದ್ದರೆ ಅದು 2020ರದು. ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಆ ವರ್ಷದ ಮಟ್ಟಿಗೆ ಹಾಗೆ ಮುಂದೂಡಿದ್ದು ನಿಜ, ಅದು ಆಗಲೇ ಮುಗಿಯಿತು. ಬರ ಅಥವಾ ಅತಿವೃಷ್ಟಿಯಾದ ವರ್ಷ ಬ್ಯಾಂಕುಗಳು ಬೆಳೆಸಾಲವನ್ನು ಹೆಚ್ಚು ಅವಧಿಯ ಕಂತುಗಳಾಗಿ ಬದಲಿಸುವ ವ್ಯವಸ್ಥೆಯೂ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದರೆ ತಾಲ್ಲೂಕಿನ ಹೆಸರು ಪಟ್ಟಿಯಲ್ಲಿ ಬಂದ ಮಾತ್ರಕ್ಕೆ ನಿಮ್ಮ ಸಾಲದ ದಿನಾಂಕ ತಾನಾಗಿ ಬದಲಾಗುವುದಿಲ್ಲ. ಬ್ಯಾಂಕು ನಿಮ್ಮ ಖಾತೆಯಲ್ಲಿ ಹೊಸ ಕಂತು ಬರೆದಾಗಲೇ ಬದಲಾವಣೆ.

ಇನ್ನೊಂದು ತಪ್ಪು ತಿಳುವಳಿಕೆ ಬ್ಯಾಂಕಿನವರ ಮೌನದಿಂದ ಹುಟ್ಟುತ್ತದೆ. ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ಉಳಿದಾಗ ಮಾತ್ರ ಅದನ್ನು ಕೆಟ್ಟ ಸಾಲ ಎಂದು ಬ್ಯಾಂಕು ಲೆಕ್ಕಕ್ಕೆ ಹಿಡಿಯುತ್ತದೆ. ಅಲ್ಲಿಯವರೆಗೆ ವಸೂಲಿಯ ಬಿಗಿ ಕಡಿಮೆ ಇರಬಹುದು, ನೋಟಿಸ್ ಬಾರದೆ ಇರಬಹುದು. ನೋಟಿಸ್ ಇಲ್ಲ ಎಂದರೆ ಗಡುವು ಇದೆ ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ರಿಯಾಯಿತಿ ಮಾತ್ರ ಮೊದಲ ದಿನವೇ ಹೋಗಿರುತ್ತದೆ.

ನಿಮ್ಮ ದಿನಾಂಕ ತಿಳಿಯಲು ಸಾಲ ಮಂಜೂರಾತಿ ಪತ್ರ ನೋಡಿ, ಸಿಗದಿದ್ದರೆ ಶಾಖೆಯಲ್ಲಿ ಕೇಳಿ ಪಾಸ್‌ಬುಕ್ಕಿನ ಮೇಲೆ ಬರೆಸಿಕೊಳ್ಳಿ. ಜತೆಗೆ ಮೂರು ಸಂಗತಿ ಕೇಳಿ: ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಏಕೆಂದರೆ ಅದಿಲ್ಲದೆ ರಿಯಾಯಿತಿ ಇಲ್ಲ. ಸಾಲ ಕಾರ್ಡಿನಲ್ಲೇ ಬರೆದಿದೆಯೇ, ಏಕೆಂದರೆ 2020ರ ಏಪ್ರಿಲ್‌ನಿಂದ ಕಾರ್ಡಿನ ಹೊರಗೆ ಬಂಗಾರ ಇಟ್ಟು ತಂದ ಕೃಷಿ ಸಾಲಕ್ಕೆ ಇದು ಸಿಗುವುದಿಲ್ಲ. ಮತ್ತು ಶೇ 3ನ್ನು ಯಾವಾಗ ಜಮಾ ಮಾಡುತ್ತಾರೆ. ಮೊದಲು ಶೇ 7 ಪೂರ್ತಿ ಕಟ್ಟಿಸಿಕೊಂಡು ಆಮೇಲೆ ಶೇ 3ನ್ನು ಖಾತೆಗೆ ಹಾಕುವ ಬ್ಯಾಂಕುಗಳೂ ಇವೆ. ಕಟ್ಟಿದ ದಿನ 6,000 ಮಾತ್ರ ತೆಗೆದುಕೊಂಡು ಹೋದರೆ ಬಡ್ಡಿ ಬಾಕಿ ಉಳಿದುಬಿಡಬಹುದು. ದಲಾಲರ ಅಂಗಡಿಯ ಚೆಕ್ ಹಾಕುವುದಾದರೆ ಅದು ಜಮಾ ಆಗಲು ಬೇಕಾದ ದಿನ, ನಡುವಿನ ರಜೆ ಎಲ್ಲ ಹಿಡಿದು ಒಂದು ವಾರ ಮೊದಲೇ ಹಾಕಿ. ಆಮೇಲೆ ಕೆಲವು ತಿಂಗಳ ನಂತರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ನಮ್ಮ ಉದಾಹರಣೆಯ 4,500ರಂತೆ ನಿಮ್ಮ ಮೊತ್ತ ಜಮಾ ಆಗಿದೆಯೇ ಎಂದು ಬೆರಳಿಟ್ಟು ಹುಡುಕಿ. ಆಗಿರದಿದ್ದರೆ ಕಟ್ಟಿದ ರಸೀದಿಯ ಜೊತೆ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಯ ಮೇಲೆ ಶಾಖೆಯ ಸೀಲು ಹಾಕಿಸಿಕೊಳ್ಳಿ.